ರೊಕ್ಕ ಹೊರಟಿದೆ, ಇನ್ನೂ ಮುಟ್ಟಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ನಾನು ಆನ್‌ಲೈನ್ ಆರ್ಡರ್ ನೋಡಿಕೊಳ್ಳುತ್ತೇನೆ. ವಿಜಯಪುರದ ಅಕ್ಕ ಒಬ್ಬರು ಗೋಮಿ ದಡಿಯ ಸೀರೆ ಕೇಳಿದ್ದರು. ನಾವು ಚಿಕ್ಕಿ ದಡಿಯದು ಕಳಿಸಿಬಿಟ್ಟೆವು. ತಪ್ಪು ನಮ್ಮದೇ. ಸೀರೆ ವಾಪಸ್ ಬಂದ ಗುರುವಾರ ಸಂಜೆಯೇ 2,850 ರೂಪಾಯಿ ರಿಫಂಡ್ ಹಾಕಿ, 'ಏಳು ಕೆಲಸದ ದಿನಗಳಲ್ಲಿ ಬರುತ್ತದೆ' ಅಂತ ಮೆಸೇಜ್ ಕಳಿಸಿದೆ.

ಮುಂದಿನ ಬುಧವಾರ ಫೋನ್ ಬಂತು. "ಏಳು ದಿನ ಆತಲ್ರೀ, ರೊಕ್ಕ ಎಲ್ಲಿ ಕೂತೈತಿ?"

ಅವರು ಗುರುವಾರದಿಂದಲೇ ಎಣಿಸಿದ್ದರು. ಬ್ಯಾಂಕಿನ ಲೆಕ್ಕ ಶುಕ್ರವಾರದಿಂದ ಶುರು. ನಡುವೆ ಎರಡನೇ ಶನಿವಾರ, ಭಾನುವಾರ ರಜೆ. ಹಾಗಾಗಿ ಬುಧವಾರಕ್ಕೆ ಆಗಿದ್ದು ನಾಲ್ಕೇ ದಿನ. ಇದನ್ನು ನಾನೇ ತಾರೀಖು ಹಾಕಿ ಬರೆಯಬೇಕಿತ್ತು, ಅಲ್ವಾ?

ರೊಕ್ಕ ಆಗ ದಾರಿಯಲ್ಲಿತ್ತು. ನಾವು ಒತ್ತಿದ ರಿಫಂಡ್ ಮೊದಲು ಪೇಮೆಂಟ್ ಕಂಪನಿಗೆ, ಅಲ್ಲಿಂದ ಅವರ ಬ್ಯಾಂಕಿಗೆ, ಆಮೇಲೆ ಕಾರ್ಡ್ ಜಾಲದ ಮೂಲಕ ಗಿರಾಕಿಯ ಬ್ಯಾಂಕಿಗೆ ಹೋಗುತ್ತದೆ. ಕೊನೆಯ ಬ್ಯಾಂಕ್ ಅದನ್ನು ಖಾತೆಗೆ ಜಮಾ ಮಾಡಲು ಒಂದೆರಡು ದಿನ ಜಾಸ್ತಿ ತೆಗೆದುಕೊಂಡರೆ ನಮ್ಮ ಕೈಯಲ್ಲಿ ಏನೂ ಇಲ್ಲ.

"ಹಂಗಾದ್ರ ನನ್ನ ಯುಪಿಐಗೆ ಹಾಕ್ರಿ" ಎಂದರು. ಆಗುವುದಿಲ್ಲ. ಯಾವ ಕಾರ್ಡಿನಿಂದ ಬಂತೋ ಅದಕ್ಕೇ ನಾವು ವಾಪಸ್ ಕಳಿಸುತ್ತೇವೆ. ಇಲ್ಲದಿದ್ದರೆ ಕದ್ದ ಕಾರ್ಡಿನಿಂದ ಸೀರೆ ಕೊಂಡು, ಹಿಂದಿರುಗಿಸಿ, ರೊಕ್ಕ ತನ್ನ ಖಾತೆಗೆ ಹಾಕಿಸಿಕೊಳ್ಳುವವರಿಗೆ ಸುಗ್ಗಿ. ಮೇಲಾಗಿ ಹೊರಟ ರಿಫಂಡ್ ಅನ್ನು ಇನ್ನೊಂದು ದಾರಿಯಿಂದಲೂ ಕಳಿಸಿದರೆ ಎರಡು ಸಲ ಕೊಟ್ಟಂತಾಗುತ್ತದೆ.

ದಿನಕ್ಕೆ ನೂರು ರೂಪಾಯಿ ದಂಡ ಕೊಡಿ ಎಂದೂ ಕೇಳಿದರು. ರಿಸರ್ವ್ ಬ್ಯಾಂಕಿನ 2019ರ ಆ ನಿಯಮ ಫೇಲ್ ಆದ ಪಾವತಿಗೆ. ಅಂದರೆ ಖಾತೆಯಿಂದ ರೊಕ್ಕ ಕಡಿತವಾಗಿ ಅಂಗಡಿಗೆ ಮುಟ್ಟದಿದ್ದಾಗ. ಇಲ್ಲಿ ಪಾವತಿ ಸರಿಯಾಗಿಯೇ ಆಗಿತ್ತು.

ನಂತರದ ಸೋಮವಾರ ಮತ್ತೆ ಅದೇ ಮಾತು. ಪಾಸ್‌ಬುಕ್ ಎಂಟ್ರಿ ಹಾಕಿಸಿದರೂ ಜಮಾ ಇಲ್ಲ. ಈಗ ನನಗೂ ಅನುಮಾನ. ಕಾರ್ಡ್ ರಿಫಂಡಿಗೆ ಎಆರ್‌ಎನ್ ಅನ್ನುವ 23 ಅಂಕಿಯ ನಂಬರ್ ಇರುತ್ತದೆ. ಅದನ್ನು ಕೊಟ್ಟರೆ ಕಾರ್ಡ್ ಕೊಟ್ಟ ಬ್ಯಾಂಕು ಹುಡುಕಿ ಹೇಳುತ್ತದೆ. ಅದನ್ನು ಕಳಿಸುವಾಗ ಕಾರ್ಡಿನ ಕೊನೆಯ ನಾಲ್ಕು ಅಂಕಿಯನ್ನೂ ಓದಿದೆ.

ಆ ಕಡೆ ಒಂದು ಗಳಿಗೆ ಸುಮ್ಮನಾದರು. "ಅಯ್ಯ, ಅದು ನಮ್ಮ ಹುಡುಗಂದು ಕಾರ್ಡ್!"

ಮಗ ಬೆಳಗಾವಿಯಲ್ಲಿ. ಅವನ ಖಾತೆಗೆ ಶುಕ್ರವಾರವೇ ರೊಕ್ಕ ಬಿದ್ದಿತ್ತು. ಎಂಟ್ರಿಯಲ್ಲಿ ನಮ್ಮ ಅಂಗಡಿಯ ಬದಲು ಪೇಮೆಂಟ್ ಕಂಪನಿಯ ಹೆಸರಿದ್ದದ್ದಕ್ಕೆ ಅವನಿಗೂ ಗೊತ್ತಾಗಿರಲಿಲ್ಲ.

ಈಗ ನಾನು ಕಳಿಸುವ ಮೆಸೇಜ್ ಹೀಗಿದೆ: 'ನಿಮ್ಮ 2,850 ರೂಪಾಯಿಯನ್ನು ಇಂದು ಕಳಿಸಿದ್ದೇವೆ. ನೀವು ಪಾವತಿಸಿದ ಕಾರ್ಡಿಗೇ ಬರುತ್ತದೆ. ಅದರ ಕೊನೆಯ ಅಂಕಿಗಳು ಇವು. ಬ್ಯಾಂಕ್ ರಜೆ ಬಿಟ್ಟು ಇಂಥ ತಾರೀಖಿನವರೆಗೆ ಕಾಯಿರಿ. ಬರದಿದ್ದರೆ ಈ ಎಆರ್‌ಎನ್ ಅನ್ನು ನಿಮ್ಮ ಬ್ಯಾಂಕಿಗೆ ತೋರಿಸಿ. ರೊಕ್ಕ ಪಡೆಯಲು ಪಿನ್, ಒಟಿಪಿ ಯಾವುದೂ ಬೇಡ.'

ಅಕ್ಕನಿಗೆ ಗೋಮಿ ದಡಿ ಸೀರೆ ಬೇರೆ ಕಳಿಸಿದೆವು. ಈ ಸಲ ಡಬ್ಬಿ ಕಟ್ಟುವ ಮೊದಲು ದಡಿಯ ಫೋಟೊ ಕಳಿಸಿ ಕೇಳಿದೆ.