ಪಾತ್ರೆಯ ತಳದ ಹನಿ ಮತ್ತು 88 ಕಿಲೋಜೂಲ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುವವರು. ಬಂಧ ಎಂದರೇನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪ್ಲಸ್ ಒನ್‌ಗೆ ಹೋದ ಮಕ್ಕಳು ಒಂದು ಮಾತನ್ನು ಮತ್ತೆ ಮತ್ತೆ ಬರೆಯುತ್ತಾರೆ: "ಬಂಧ ಮುರಿದಾಗ ಶಕ್ತಿ ಹೊರಗೆ ಬರುತ್ತದೆ." ಇದು ತಪ್ಪು. ಮುರಿಯಲು ಶಕ್ತಿ ಕೊಡಬೇಕು, ಕೂಡುವಾಗ ಶಕ್ತಿ ಸಿಗುತ್ತದೆ. ಇವತ್ತು ಇದನ್ನು ನಾನು ನಾಲ್ಕು ಸಲವಾದರೂ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಹಟ್ಟಿಯ ಪಕ್ಕ ಗೋಬರ್ ಗ್ಯಾಸ್ ಗುಂಡಿ ಇತ್ತು. ಒಂದು ಮಳೆಗಾಲದ ಬೆಳಗ್ಗೆ ಅಮ್ಮ ಕರೆದರು. "ಮಗಾ, ಈ ಪಾತ್ರೆ ಒಸರುತ್ತದೆ, ನೋಡು." ಆಗಷ್ಟೇ ಬಾವಿಯಿಂದ ಸೇದಿದ ತಣ್ಣೀರು ತುಂಬಿ ಒಲೆಯ ಮೇಲೆ ಇಟ್ಟಿದ್ದರು. ತಳದ ಹೊರಗೆಲ್ಲ ಹನಿ. ಉರಿಗೆ ಬಿದ್ದು ಚುಂಯ್ ಅನ್ನುತ್ತಿತ್ತು. ನಾನು ಪಾತ್ರೆಯನ್ನು ಅಂಗಳಕ್ಕೆ ತಂದು, ತಳ ಒರೆಸಿ, ಕಂಠದವರೆಗೆ ನೀರು ತುಂಬಿ ಒಣಗಿದ ಕಲ್ಲಿನ ಮೇಲೆ ಇಟ್ಟೆ. ಅರ್ಧ ಗಂಟೆ ಕಾದೆ. ಕಲ್ಲು ಒದ್ದೆಯಾಗಲೇ ಇಲ್ಲ. ಮತ್ತೆ ಒಲೆಗೆ ಇಟ್ಟರೆ ಮತ್ತೆ ಹನಿ! ನೀರು ಬಿಸಿಯಾದ ಮೇಲೆ ಹನಿ ಮಾಯ. ಅಮ್ಮನಿಗೆ ಸಮಾಧಾನವಾಗಲಿಲ್ಲ. ಬೆಸುಗೆ ಹಾಕುವವರು ಬಂದಾಗ ಅದನ್ನು ಕೊಟ್ಟೇ ಬಿಟ್ಟರು. ಅವರು ಬೆಳಕಿಗೆ ಹಿಡಿದು ನೋಡಿ, "ಇದರಲ್ಲಿ ತೂತೇ ಇಲ್ಲಮ್ಮ" ಅಂದರು. ಆ ಹನಿ ಉರಿಯಲ್ಲೇ ಹುಟ್ಟಿದ ನೀರು. ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಲೆಕ್ಕದ ಕೊನೆಗೆ ಬೇಕಾಗುತ್ತದೆ.

ಗೋಬರ್ ಗ್ಯಾಸಿನಲ್ಲಿ ಉರಿಯುವುದು ಮುಖ್ಯವಾಗಿ ಮೀಥೇನ್.

CH₄ + 2O₂ → CO₂ + 2H₂O

ಮೊದಲು ಖರ್ಚು ಬರೆಯೋಣ. ಒಂದು ಮೋಲ್ ಮೀಥೇನಿನಲ್ಲಿ ನಾಲ್ಕು C–H ಬಂಧ, ಒಂದೊಂದಕ್ಕೆ 413 ಕಿಲೋಜೂಲ್, ಒಟ್ಟು 1652. ಎರಡು O=O ಬಂಧಕ್ಕೆ 498ರಂತೆ 996. ಅಲ್ಲಿಗೆ ಖರ್ಚು 2648. ಗಮನಿಸಿ, ಇದಿಷ್ಟನ್ನು ನಾವು ಕೊಡಬೇಕು. ಬೆಂಕಿಕಡ್ಡಿ ಗೀರದೆ ಒಲೆ ಹತ್ತುವುದಿಲ್ಲ, ಅಲ್ವಾ? ಕಡ್ಡಿ ಕೊಡುವುದು ಮೊದಲ ತುಸು ಪಾಲು ಮಾತ್ರ. ಆಮೇಲೆ ಉರಿಯೇ ತನ್ನ ಖರ್ಚು ನೋಡಿಕೊಳ್ಳುತ್ತದೆ.

ಈಗ ಆದಾಯ. ನಾಲ್ಕು O–H ಬಂಧ ಕೂಡಿದಾಗ 463ರಂತೆ 1852. ಕಾರ್ಬನ್ ಡೈಆಕ್ಸೈಡಿನಲ್ಲಿ ಎರಡು C=O. ಇಲ್ಲೇ ಮಕ್ಕಳು ಎಡವುವುದು. ಪಟ್ಟಿಯಲ್ಲಿ C=O ಎದುರು 745 ಅಂತ ಇರುತ್ತದೆ. ಅದು ಆಲ್ಡಿಹೈಡ್, ಕೀಟೋನ್‌ಗಳಿಂದ ತೆಗೆದ ಸರಾಸರಿ. ಕಾರ್ಬನ್ ಡೈಆಕ್ಸೈಡಿನ C=O ಅದಕ್ಕಿಂತ ಗಟ್ಟಿ, ಅದಕ್ಕೆ 799 ಹಾಕಬೇಕು. ಎರಡಕ್ಕೆ 1598. ಒಟ್ಟು ಆದಾಯ 3450.

ಖರ್ಚಿನಿಂದ ಆದಾಯ ಕಳೆಯಿರಿ: 2648 − 3450 = −802 ಕಿಲೋಜೂಲ್. ಋಣ ಚಿಹ್ನೆ ಬಂದದ್ದು ಮುರಿದದ್ದರಿಂದಲ್ಲ, ಕೂಡಿದ್ದು ಜಾಸ್ತಿ ಕೊಟ್ಟಿತು, ಅದಕ್ಕೆ. 745 ಹಾಕಿದ ಮಗುವಿಗೆ −694 ಬರುತ್ತದೆ. ವ್ಯತ್ಯಾಸ 108, ಅಂದರೆ 54 ಎರಡು ಸಲ. ತಪ್ಪಿನ ಗಾತ್ರವೇ ಯಾವ ಬಂಧದಲ್ಲಿ ಎಡವಟ್ಟಾಗಿದೆ ಅಂತ ತೋರಿಸುತ್ತದೆ. ಉತ್ತರಕ್ಕೆ ಸುಮ್ನೆ ಕೆಂಪು ಗೀಟು ಎಳೆಯಬೇಡಿ, ವ್ಯತ್ಯಾಸ ತೆಗೆದು ನೋಡಿ.

ಆದರೂ ಪುಸ್ತಕದಲ್ಲಿ ಮೀಥೇನಿನ ದಹನ ಎಂಥಾಲ್ಪಿ −890 ಅಂತ ಇದೆ. ನಮ್ಮ −802 ತಪ್ಪೇ? ಅಲ್ಲ. ಬಂಧಶಕ್ತಿಯ ಲೆಕ್ಕದಲ್ಲಿ ಎಲ್ಲವೂ ಅನಿಲ, ನೀರೂ ಆವಿಯೇ. ಪುಸ್ತಕದ ನೀರು ದ್ರವ. ವ್ಯತ್ಯಾಸ 88, ಅಂದರೆ 44 ಎರಡು ಸಲ. ಒಂದು ಮೋಲ್ ಆವಿ 25 ಡಿಗ್ರಿಯಲ್ಲಿ ನೀರಾದರೆ ಬಿಡುವುದು ಆ 44. ಅಮ್ಮನ ಪಾತ್ರೆಯ ತಳದಲ್ಲಿ ಹನಿಯಾಗಿ ಕೂತದ್ದು ಅದೇ ಆವಿ. ಅಲ್ಲೂ ಕೂಡಿದಾಗಲೇ ಶಾಖ ಸಿಕ್ಕಿದ್ದು. ನೀರಿನ ಅಣುಗಳು ಒಂದಕ್ಕೊಂದು ಅಂಟಿಕೊಂಡವು, ಅಷ್ಟೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸರಾಸರಿಯ ಬಗ್ಗೆ ಎರಡೇ ಮಾತು. ಮೀಥೇನಿನ ಮೊದಲ ಹೈಡ್ರೋಜನ್ ಕೀಳಲು ಸುಮಾರು 439 ಬೇಕು, ಕೊನೆಯದಕ್ಕೆ ಸುಮಾರು 338 ಸಾಕು. 413 ಅನ್ನುವ ಬಂಧ ಮೀಥೇನಿನಲ್ಲಿ ಒಂದೂ ಇಲ್ಲ. ನಾಲ್ಕನ್ನೂ ಕಿತ್ತರೆ ಸರಾಸರಿ ಸರಿಹೋಗುತ್ತದೆ, ಒಂದನ್ನೇ ಕೀಳುವ ಕ್ರಿಯೆಗೆ ಅದು ಸಾಲದು. ಬೆನ್ಜೀನ್ ಬಗ್ಗೆಯೂ ಹೇಳಬೇಕು ಅಂತಿದ್ದೆ. ಅಲ್ಲಿ ಮೂರು ಒಂಟಿ, ಮೂರು ಜೋಡಿ ಬಂಧ ಅಂತ ಲೆಕ್ಕ ಹಾಕಿದರೆ ಸುಮಾರು 150 ಕಿಲೋಜೂಲ್ ತಪ್ಪುತ್ತದೆ. ಅದು ಚಹಾದ ಹೊತ್ತಿಗೆ. ಯಾರಿಗಾದರೂ ಬೇಕಿದ್ದರೆ ಕಾಗದ, ಪೆನ್ನು ತನ್ನಿ, ಕೂತು ಲೆಕ್ಕ ಮಾಡೋಣ.