ಮೂವತ್ತಾರು ಮಕ್ಕಳು, ಒಂದು ಕೆರೆ

ಕೇಳುಗರಿಗೆ ನಮಸ್ಕಾರ.

ಶಾಲೆಗಳ ವಾರ್ಷಿಕೋತ್ಸವ ಹತ್ತಿರವಾದಂತೆ ನಮ್ಮ ಮಲೆನಾಡಿನ ಮೇಷ್ಟ್ರುಗಳು ನಾಟಕಕ್ಕಾಗಿ ಹುಡುಕಾಡತೊಡಗುತ್ತಾರೆ. ಕೆರೆಯನ್ನು ಉಳಿಸುವ ಕಥೆಯೊಂದನ್ನು, ತರಗತಿಯ ಎಲ್ಲ ಮಕ್ಕಳಿಗೂ ಪಾತ್ರ ಸಿಗುವಂತೆ, ಒಂದೊಂದು ಉಸಿರಿಗೆ ಮುಗಿಯುವ ಮಾತುಗಳಲ್ಲಿ ಬರೆಯುವುದು ಹೇಗೆಂದು ಇಂದು ಹೇಳಬೇಕೆಂದಿದ್ದೇನೆ.

ನಾನು ಬರೆದ ಮೊದಲ ಕೆರೆ ನಾಟಕ ಕೆಟ್ಟದ್ದಾಗಿತ್ತು. ಅದರಲ್ಲಿ ಪ್ಲಾಸ್ಟಿಕ್ ಇತ್ತು, ಬಣ್ಣದ ಗಣಪತಿ ಇತ್ತು, ಒತ್ತುವರಿ ಇತ್ತು, ಅಂತರಗಂಗೆಯೂ ಇತ್ತು. ಮಾತಿನಲ್ಲಿ ಚುರುಕಾಗಿದ್ದ ಒಬ್ಬ ಹುಡುಗನಿಗೆ ನಲವತ್ತು ಮಾತು ಕೊಟ್ಟಿದ್ದೆ. ಉಳಿದವರನ್ನು ಕೈಯಲ್ಲಿ ಸೊಪ್ಪು ಹಿಡಿಸಿ ಮರಗಳನ್ನಾಗಿ ನಿಲ್ಲಿಸಿದ್ದೆ. ಮರಗಳು ಆಕಳಿಸುತ್ತಿದ್ದುದನ್ನು ಊರೇ ನೋಡಿತು. ನಾಟಕ ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು, "ಎಲ್ಲ ಚೆನ್ನಾಗಿತ್ತು ಮೇಷ್ಟ್ರೇ, ಆದರೆ ಆ ಕೆರೆ ಬತ್ತಿದ್ದು ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ" ಎಂದರು. ಮುಂದೆ ನಾನು ಬರೆದ ಕೆರೆ ನಾಟಕಗಳೆಲ್ಲ ಅವರ ಆ ಒಂದು ಮಾತಿನಿಂದ ಹುಟ್ಟಿದವು.

ಒಂದು ನಾಟಕಕ್ಕೆ ಒಂದೇ ಕಾರಣ ಸಾಕು. ಆ ಕಾರಣವನ್ನು ಊರಿನ ಕೆರೆಯ ಬಳಿಯೇ ಕೇಳಿ ತಿಳಿಯಬೇಕು. ಮಕ್ಕಳನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ, ಅಲ್ಲಿ ಸಿಗುವ ಹಿರಿಯರಿಗೆ ಒಂದೇ ಪ್ರಶ್ನೆ ಕೇಳಿಸಿ: "ಅಜ್ಜಾ, ಈ ಕೆರೆ ಕೋಡಿ ಬೀಳೋದು ಯಾವಾಗ?" ಕೆರೆ ತುಂಬಿ ಹೊರಚೆಲ್ಲುವುದು ಯಾವಾಗ ಎಂಬ ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ಕೆರೆಯ ರೋಗ ಬಹುಮಟ್ಟಿಗೆ ತಿಳಿಯುತ್ತದೆ. ಮಳೆಗಾಲ ಮುಗಿಯುತ್ತ ಬಂದರೂ ಕೋಡಿ ಬೀಳುವುದಿಲ್ಲ ಎಂದರೆ, ಕೆರೆಗೆ ನೀರು ತರುವ ಕಾಲುವೆ ಎಲ್ಲೋ ಮುಚ್ಚಿದೆ ಅಥವಾ ತಿರುಗಿದೆ ಎಂದು ಸಂಶಯಪಡಬೇಕು. "ಮೊದಲೆಲ್ಲ ಆಗಸ್ಟಿಗೆ ಬೀಳುತ್ತಿತ್ತು, ಈಗ ಜೂನ್ ತಿಂಗಳ ನಾಲ್ಕು ಮಳೆಗೇ ಬೀಳುತ್ತದೆ, ಆದರೆ ಶಿವರಾತ್ರಿ ಹೊತ್ತಿಗೆ ಕೆರೆ ಖಾಲಿ" ಎಂದರೆ, ಕಾಲುವೆ ಸರಿಯಾಗಿಯೇ ಇದೆ, ಕೆರೆಯೊಳಗೆ ಹೂಳು ತುಂಬಿದೆ ಎಂದು ತಿಳಿಯಬೇಕು. ಬಟ್ಟಲಿನ ಅರ್ಧಕ್ಕೆ ಮಣ್ಣು ತುಂಬಿಸಿ ನೀರು ಹೊಯ್ದರೆ ಬೇಗ ಉಕ್ಕುತ್ತದೆ, ಬೇಗ ಮುಗಿಯುತ್ತದೆ.

ಮಲೆನಾಡಿನ ನಾಟಕಕ್ಕೆ ಈ ಎರಡನೆಯ ಕಾರಣವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬಯಲುಸೀಮೆಯಲ್ಲಾದರೆ ಮಳೆ ಬರಲಿಲ್ಲ ಎಂದು ಮುಗಿಲಿನ ಮೇಲೆ ದೂರು ಹೇಳಬಹುದು. ಇಲ್ಲಿ ಮಳೆಗೆ ಕೊರತೆಯಿಲ್ಲ, ಕೆರೆ ತುಂಬಿದ್ದನ್ನು ಎಲ್ಲರೂ ಕಣ್ಣಾರೆ ಕಂಡಿರುತ್ತಾರೆ, ಆದರೂ ಬೇಸಿಗೆಯಲ್ಲಿ ಎಮ್ಮೆ ಕುಡಿಯಲು ನೀರಿಲ್ಲ. ತುಂಬಿದ ಕೆರೆ ಬತ್ತಿದ್ದೇಕೆ ಎಂಬುದು ಒಗಟು. ಮಕ್ಕಳಿಗೆ ಒಗಟು ಬಿಡಿಸುವುದೆಂದರೆ ಬಲು ಇಷ್ಟ.

ಇನ್ನು ಲೆಕ್ಕ ಹಾಕೋಣ. ತರಗತಿಯಲ್ಲಿ 36 ಮಕ್ಕಳಿದ್ದಾರೆ, ನಾಟಕಕ್ಕೆ 20 ನಿಮಿಷ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಹಾಡು, ಓಡಾಟ, ನಗು ಇವಕ್ಕೆ 6 ನಿಮಿಷ ಹೋಗುತ್ತದೆ. ಉಳಿದ 14 ನಿಮಿಷಗಳಲ್ಲಿ, ನಿಮಿಷಕ್ಕೆ ಒಂಬತ್ತು ಚಿಕ್ಕ ಮಾತುಗಳಂತೆ, ಒಟ್ಟು 126 ಮಾತುಗಳು ಹಿಡಿಯುತ್ತವೆ. ಇದನ್ನು ಹಂಚಿದರೆ ಒಬ್ಬೊಬ್ಬರಿಗೆ ಮೂರೂವರೆ ಮಾತು ಬರುತ್ತದೆ. ಆದ್ದರಿಂದ ಯಾರಿಗೂ ಎಂಟು ಮಾತಿಗಿಂತ ಹೆಚ್ಚು ಕೊಡಬಾರದು, ಯಾರಿಗೂ ಎರಡಕ್ಕಿಂತ ಕಡಿಮೆ ಇರಬಾರದು ಎಂದು ನಾನು ಗೆರೆ ಹಾಕಿಕೊಳ್ಳುತ್ತೇನೆ. ಬರೆಯುವ ಮೊದಲೇ ಈ ಗೆರೆ ಹಾಕದಿದ್ದರೆ, ಬರೆಯುತ್ತ ಬರೆಯುತ್ತ ಮಾತುಗಳೆಲ್ಲ ಮತ್ತೆ ಆ ಚುರುಕು ಹುಡುಗನ ಕಡೆಗೇ ಹರಿದುಹೋಗುತ್ತವೆ.

ಪಾತ್ರಗಳು ಹೀಗೆ. ಹದಿನಾಲ್ಕು ಮಕ್ಕಳು ನೀರು. ಏಳು ಮಕ್ಕಳು ಗೋಣಿಚೀಲ ಹೊದ್ದ ಹೂಳು. ಉಳಿದ ಹದಿನೈದು ಮಂದಿಯಲ್ಲಿ ಒಬ್ಬ ತೂಬು, ಒಬ್ಬಳು ಕೋಡಿ, ಕೆರೆಯ ನೀರು ಹಂಚುವ ಒಬ್ಬ ನೀರುಗಂಟಿ, ಒಬ್ಬಳು ಸೂರ್ಯ, ಮೂರು ಬೆಳ್ಳಕ್ಕಿ, ಎರಡು ಮೀನು, ಒಂದು ಎಮ್ಮೆ, ಒಬ್ಬ ಅಜ್ಜಿ, ಒಬ್ಬರು ತೋಟದ ಯಜಮಾನರು, ಮತ್ತು ಒಗಟು ಬಿಡಿಸಲು ಹೊರಟ ಮೂವರು ಮಕ್ಕಳು. ತೂಬು ಮತ್ತು ಕೋಡಿ ಎಂದರೇನೆಂದು ಪಟ್ಟಣದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಬಹುದು. ತೂಬು ನಾವು ಬೇಕೆಂದು ನೀರು ಬಿಡುವ ಬಾಯಿ. ಕೋಡಿ, ಕೆರೆ ತಾನಾಗಿ ತುಂಬಿ ಹೊರಚೆಲ್ಲುವ ಜಾಗ.

ಅಂಗಳದಲ್ಲಿ ಸುಣ್ಣದ ಪುಡಿಯಿಂದ ಒಂದು ಸುತ್ತು ಬರೆಯಿರಿ. ಹದಿನಾಲ್ಕು ಮಕ್ಕಳು ಒತ್ತೊತ್ತಾಗಿ ಕುಳಿತರೆ ತುಂಬುವಷ್ಟೇ ದೊಡ್ಡದಿರಲಿ, ಅದಕ್ಕಿಂತ ದೊಡ್ಡದು ಬೇಡ. ಮೊದಲ ದೃಶ್ಯ ಅಜ್ಜಿಯ ಕಾಲದ ಕೆರೆ. ನೀರು ಒಬ್ಬೊಬ್ಬರಾಗಿ ಬಂದು ಕೂರುತ್ತದೆ, ಸುತ್ತು ತುಂಬುತ್ತದೆ. ಮಳೆಗಾಲ ಮುಗಿದು ನವೆಂಬರ್ ಬಂದಾಗ ನೀರುಗಂಟಿ ತಿಂಗಳ ಹೆಸರು ಕೂಗುತ್ತಾನೆ. ಕೂಗಿದಾಗಲೆಲ್ಲ ಒಬ್ಬರನ್ನು ತೂಬು ಕರೆದೊಯ್ಯುತ್ತದೆ, ಒಬ್ಬರನ್ನು ಸೂರ್ಯ ಕರೆದೊಯ್ಯುತ್ತಾಳೆ. ತಿಂಗಳಿಗೆ ಇಬ್ಬರಂತೆ ಹದಿನಾಲ್ಕು ಮಂದಿ ಮೇ ತಿಂಗಳ ಕೊನೆಯವರೆಗೆ ಬರುತ್ತಾರೆ, ಅಷ್ಟು ಹೊತ್ತಿಗೆ ಗುಡುಗು ಕೇಳಿಸುತ್ತದೆ.

ಎರಡನೆಯ ದೃಶ್ಯ ಈಗಿನದು. ಅದೇ ಸುತ್ತಿನೊಳಗೆ ಗೋಣಿಚೀಲದ ಏಳು ಮಂದಿ ಮೊದಲೇ ಬಂದು ಕುಳಿತಿರುತ್ತಾರೆ. ನೀರು ಬರುತ್ತದೆ, ಏಳು ಮಂದಿಗಷ್ಟೇ ಜಾಗ ಸಿಗುತ್ತದೆ. ಉಳಿದ ಏಳು ಮಂದಿ ಜಾಗಕ್ಕಾಗಿ ತಳ್ಳಾಡಿ ಕೋಡಿಯ ಮೇಲೆ ಉರುಳಿಹೋಗುತ್ತಾರೆ. ನೋಡುವವರು ಇದಕ್ಕೆ ನಕ್ಕೇ ನಗುತ್ತಾರೆ. ಮತ್ತೆ ತಿಂಗಳ ಎಣಿಕೆ ಶುರುವಾಗುತ್ತದೆ: ನವೆಂಬರ್, ಡಿಸೆಂಬರ್, ಜನವರಿ. ಫೆಬ್ರವರಿ ಎಂದು ಕೂಗುವಾಗ ಒಳಗಿರುವುದು ಒಂದೇ ಮಗು. ತೂಬೂ ಸೂರ್ಯನೂ ಅದರ ಎರಡು ಕೈಗಳನ್ನು ಹಿಡಿದು ಎಳೆಯುತ್ತಾರೆ. ಹೂಳಿನ ಕೆರೆಯಲ್ಲಿ ನೀರು ಅರ್ಧವಾದರೂ ಸೂರ್ಯ ಕುಡಿಯುವುದು ಅರ್ಧವಾಗುವುದಿಲ್ಲ, ಏಕೆಂದರೆ ಸೂರ್ಯ ಕುಡಿಯುವುದು ಕೆರೆಯ ಹರವನ್ನು ನೋಡಿ, ಆಳವನ್ನಲ್ಲ. ಇದನ್ನು ಯಾವ ಮಾತಿನಿಂದಲೂ ಹೇಳಿಸಬೇಕಾಗಿಲ್ಲ, ಎಣಿಕೆಯೇ ಹೇಳುತ್ತದೆ.

ಈಗ ಮಾತಿನ ವಿಷಯ. ನಮ್ಮ ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಮಕ್ಕಳಿಗಾದರೋ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಉಸಿರು ಮುಗಿದು ದನಿ ಇಳಿದಿರುತ್ತದೆ. "ಗುಡ್ಡದಿಂದ ಇಳಿದ ಕೆಂಪು ಮಣ್ಣು ನಮ್ಮ ಕೆರೆಯ ಹೊಟ್ಟೆಯನ್ನು ತುಂಬಿಬಿಟ್ಟಿದೆ" ಎಂದು ಬರೆದುಕೊಟ್ಟರೆ, ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಗುಡ್ಡ ಕೇಳಿಸುತ್ತದೆ, ಮಣ್ಣು ಅರ್ಧ ಕೇಳಿಸುತ್ತದೆ, ಏನಾಯಿತೆಂಬುದು ಕೇಳಿಸುವುದಿಲ್ಲ. ಅದನ್ನೇ ಮೂವರಿಗೆ ಒಡೆದು, ಆಡುಮಾತಿನಂತೆ ಹಿಂದುಮುಂದು ಮಾಡಿ ಕೊಡಿ. ಮೊದಲನೆಯವಳು "ಬಂತು ಮಣ್ಣು!" ಎನ್ನಲಿ. ಎರಡನೆಯವನು "ಮಣ್ಣು ಬಂತು ಗುಡ್ಡದಿಂದ!" ಎನ್ನಲಿ. ಮೂರನೆಯವಳು "ಗುಡ್ಡವೇ ಕೂತಿದೆ ಕೆರೆಯೊಳಗೆ!" ಎನ್ನಲಿ.

ಇದರಲ್ಲಿ ಇನ್ನೊಂದು ಉಪಾಯವೂ ಅಡಗಿದೆ. ಹಿಂದಿನವರ ಮಾತಿನ ಒಂದು ಪದವನ್ನು ಹಿಡಿದುಕೊಂಡೇ ಮುಂದಿನವರ ಮಾತು ಏಳುತ್ತದೆ, ನಮ್ಮ ಶಿಶುಪ್ರಾಸಗಳಲ್ಲಿ ಬರುವ ಸರಪಳಿಯಂತೆ. ಮೂವತ್ತಾರು ಮಕ್ಕಳಲ್ಲಿ ತನ್ನ ಸರದಿ ಯಾವಾಗ ಎಂದು ನೆನಪಿಡುವುದು ಮಾತನ್ನು ನೆನಪಿಡುವುದಕ್ಕಿಂತ ಕಷ್ಟ. ಸರಪಳಿ ಇದ್ದರೆ ಪದವೇ ಅವರನ್ನು ಎಬ್ಬಿಸುತ್ತದೆ. ಒಗಟು ಬಿಡಿಸುವ ದೃಶ್ಯವನ್ನು ನಾನು ಹೀಗೆ ಬರೆದಿದ್ದೆ:

"ಎಲ್ಲಿ ಹೋಯ್ತು ನೀರು?"
"ನೀರು ಹೋಯ್ತು ಕೋಡಿಗೆ."
"ಕೋಡಿ ಬಿತ್ತು ಯಾವಾಗ?"
"ಯಾವಾಗ ಅಂದ್ರೆ ಜೂನಿಗೇ!"
"ಜೂನಿಗೇ ತುಂಬ್ತಾ ಕೆರೆ?"
"ಕೆರೆ ತುಂಬಿದ್ದು ಎಂತದ್ರಿಂದ ಮಾರಾಯಾ?"

ಆಗ ತೂಬಿನ ಹುಡುಗ ಮೊದಲ ಬಾರಿಗೆ ಬಾಯಿ ಬಿಡುತ್ತಾನೆ: "ನನ್ನ ಬಾಯಿಗೇ ಮಣ್ಣು ಬಿತ್ತು!" ಹೂಳು ನಿಜವಾಗಿಯೂ ತೂಬನ್ನು ಮುಚ್ಚುತ್ತದೆ, ನುಡಿಗಟ್ಟೂ ಅಲ್ಲಿ ಸುಮ್ಮನೆ ಬಂದು ಕೂರುತ್ತದೆ. ತರಗತಿಯಲ್ಲಿ ಅತ್ಯಂತ ಸಂಕೋಚದ ಮಗುವಿಗೆ ಈ ಮಾತನ್ನು ಕೊಡಿ. ಒಂದೇ ಮಾತಿಗೆ ಇಡೀ ಊರು ನಕ್ಕದ್ದನ್ನು ಆ ಮಗು ಮರೆಯುವುದಿಲ್ಲ.

ತೋಟದ ಯಜಮಾನರನ್ನು ಖಳನಾಯಕರನ್ನಾಗಿ ಮಾಡಬೇಡಿ. ಮೀಸೆ ತಿರುವುವ ದುಷ್ಟನೊಬ್ಬನನ್ನು ತಂದರೆ ನಾಟಕ ಸುಲಭವಾಗುತ್ತದೆ, ಕೆರೆಯ ಕಥೆ ಸುಳ್ಳಾಗುತ್ತದೆ. ಗುಡ್ಡದ ಗಿಡಮರ ತೆಗೆದು ಹೊಸ ಅಡಿಕೆ ಹಾಕಿದಾಗ ಸಡಿಲವಾದ ಮಣ್ಣು ಮಳೆಯಲ್ಲಿ ಇಳಿದು ಕೆರೆ ಸೇರಿತು. ಅದು ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಅವರದೇ ಕಷ್ಟವಿದೆ: "ತೋಟಕ್ಕೆ ಹೊಸ ಮಣ್ಣು ಹಾಕಬೇಕು, ಎಲ್ಲಿಂದ ತರ್ಲಿ?" ಆಗ ಅಜ್ಜಿ, "ನಿಮ್ಮ ಮಣ್ಣು ಕೆರೆಯಲ್ಲಿದೆ ಅಯ್ಯಾ, ವಾಪಸ್ ತಗಂಡ್ಹೋಗಿ" ಎನ್ನುತ್ತಾಳೆ. ಒಗಟು ಒಡೆಯುವುದು ಇಲ್ಲಿ. ಬೇಸಿಗೆಯಲ್ಲಿ ಕೆರೆಯ ಹೂಳನ್ನು ತೋಟಕ್ಕೆ ಹೊರುವುದು ಇಲ್ಲಿಯವರಿಗೆ ಹೊಸ ವಿಷಯವೇನಲ್ಲ. ಜೊತೆಗೆ ನೀರುಗಂಟಿಯ ಬಾಯಲ್ಲಿ ಎರಡು ಎಚ್ಚರಿಕೆಗಳನ್ನು ಇಡಿ. ಒಂದು, "ಏರಿ ಬುಡ ಅಗೀಬೇಡಿ!" ಬುಡ ಅಗೆದರೆ ಏರಿ ಸಡಿಲವಾಗುತ್ತದೆ. ಇನ್ನೊಂದು, "ಕಾಲುವೆ ಬಾಯಲ್ಲಿ ಗುಂಡಿ ತೋಡಿ!" ಕೆರೆ ಸೇರುವ ಮೊದಲೇ ಮಣ್ಣು ಆ ಗುಂಡಿಯಲ್ಲಿ ತಂಗುತ್ತದೆ, ವರ್ಷವರ್ಷವೂ ಅದನ್ನಷ್ಟೇ ಎತ್ತಿದರಾಯಿತು.

ತಾಲೀಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡಿಕೆ ಸುಲಿಯುವ ದಿನಗಳಲ್ಲಿ ನಾಲ್ಕಾರು ಮಕ್ಕಳು ತಪ್ಪಿಸಿಕೊಳ್ಳುವುದು ಖಂಡಿತ, ಸರಪಳಿಯ ಒಂದು ಕೊಂಡಿ ಕಳಚಿದರೆ ಮುಂದಿನವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಆದ್ದರಿಂದ ಮೊದಲ ದಿನದಿಂದಲೇ ಪ್ರತಿಯೊಬ್ಬರೂ ತಮ್ಮ ಬಲಗಡೆಯವರ ಮಾತನ್ನೂ ಕಲಿತಿರಲಿ. ನಾಟಕವನ್ನು ಶಾಲೆಯ ಅಂಗಳದಲ್ಲೇ ಆಡಿಸಿ. ನಿಜವಾದ ಕೆರೆಯ ದಡದಲ್ಲಿ ಆಡಿಸುವ ಆಸೆ ಎಲ್ಲ ಮೇಷ್ಟ್ರುಗಳಿಗೂ ಬರುತ್ತದೆ, ನನಗೂ ಬಂದಿತ್ತು. ಆದರೆ ಹೂಳಿನಲ್ಲಿ ಕಾಲು ಎಷ್ಟು ಆಳಕ್ಕೆ ಇಳಿಯುತ್ತದೆಂದು ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ.

ಕೊನೆಯ ದೃಶ್ಯ ಬರೆಯುವಾಗ ನನ್ನ ಕೈ ಹಟ ಹಿಡಿದಿತ್ತು. ಏಳೂ ಚೀಲಗಳನ್ನು ಎತ್ತಿಸಿ, ಕೆರೆ ತುಂಬಿಸಿ, ಎಲ್ಲರನ್ನೂ ಕುಣಿಸಬಹುದಿತ್ತು. ಆದರೆ ಒಂದು ಬೇಸಿಗೆಯಲ್ಲಿ ಊರಿನವರಿಗೆ ಅಷ್ಟೂ ಹೂಳು ಎತ್ತಲು ಆಗುವುದಿಲ್ಲ ಎಂಬುದು ಕುಳಿತು ನೋಡುವ ಅಪ್ಪ ಅಮ್ಮಂದಿರಿಗೆಲ್ಲ ಗೊತ್ತಿರುತ್ತದೆ. ಆದ್ದರಿಂದ ಯಜಮಾನರೂ ಮಕ್ಕಳೂ ಸೇರಿ ಮೂರು ಚೀಲಗಳನ್ನು ಮಾತ್ರ ಹೊರಕ್ಕೆ ಒಯ್ದರು. ಗುಡುಗಿತು, ಮಳೆ ಬಂತು, ಹತ್ತು ಮಂದಿ ನೀರು ಒಳಗೆ ಕುಳಿತರು, ನಾಲ್ಕು ಮಂದಿ ಕೋಡಿಗೆ ಉರುಳಿದರು. ನೀರುಗಂಟಿ ಎಣಿಕೆ ಶುರುಮಾಡಿದ, ಅಂಗಳದಲ್ಲಿದ್ದ ಊರಿನವರೂ ತಾವಾಗಿಯೇ ದನಿಗೂಡಿಸಿದರು. ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ, ಮಾರ್ಚ್. ಅಲ್ಲಿಗೆ ನೀರು ಮುಗಿಯಿತು. ಎಮ್ಮೆಯ ವೇಷದ ಹುಡುಗಿ ಸುತ್ತಿನೊಳಗೆ ಉಳಿದಿದ್ದ ನಾಲ್ಕು ಗೋಣಿಚೀಲಗಳನ್ನು ಮೂಸಿ ನೋಡಿ, "ಏಪ್ರಿಲ್‌ಗೆ ಎಂತ ಕುಡೀಲಿ?" ಎಂದು ಯಜಮಾನರನ್ನು ಕೇಳಿದಳು. ಅದೇ ನಾಟಕದ ಕೊನೆಯ ಮಾತು.

ನಮಸ್ಕಾರ.