ಶುಕ್ರವಾರ ಸಂಜೆ ಬರೋ ಅಸೈನ್‌ಮೆಂಟ್ ಮೇಲ್‌ಗೆ ಏನಂತ ಉತ್ತರ ಕೊಡೋದು?

ನಮಸ್ಕಾರ. ಶುಕ್ರವಾರ ಸಂಜೆ ಆರೂವರೆಗೆ ಒಂದು ಮೇಲ್ ಬರುತ್ತೆ. "ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ, ಅಸೈನ್‌ಮೆಂಟ್ ಅಟ್ಯಾಚ್ ಮಾಡಿದೀನಿ, 6 ಗಂಟೆ ಕೆಲಸ ಅಷ್ಟೇ, ಸೋಮವಾರ ಸಂಜೆಯೊಳಗೆ ಕಳಿಸಿಬಿಡಿ." ಕಳಿಸಿದವರು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯ ರಿಕ್ರೂಟರ್. ಬಂದಿರೋದು 4 ವರ್ಷ ಅನುಭವ ಇರೋ ಒಬ್ಬ ಬ್ಯಾಕೆಂಡ್ ಡೆವಲಪರ್‌ಗೆ ಅಂತಿಟ್ಕೊಳ್ಳಿ. ಇವತ್ತು ಈ ಒಂದು ಮೇಲ್ ಬಗ್ಗೆ ಮಾತ್ರ ಮಾತಾಡೋಣ.

ಪಿಡಿಎಫ್ ತೆರೆದರೆ ಒಂದೂವರೆ ಪುಟ. ಆರ್ಡರ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಕಟ್ಟಬೇಕು. ಲಾಗಿನ್ ಬೇಕು, ಪೇಮೆಂಟ್ ಗೇಟ್‌ವೇ ಜೋಡಿಸಬೇಕು, ಅಡ್ಮಿನ್‌ಗೊಂದು ಸ್ಕ್ರೀನ್, ಟೆಸ್ಟ್‌ಗಳು, ಡಾಕರ್, ಕ್ಲೌಡ್‌ನಲ್ಲಿ ಡಿಪ್ಲಾಯ್, ಕೊನೆಗೆ ಒಂದು ಡೆಮೊ ವಿಡಿಯೊ.

ಮೇಲ್‌ಗೆ ಉತ್ತರ ಬರೆಯೋದಕ್ಕೆ ಮುಂಚೆ ಒಂದು ಹಾಳೆ ತಗೊಂಡು ಗಂಟೆ ಲೆಕ್ಕ ಹಾಕಿ. ಪ್ರಾಜೆಕ್ಟ್ ಸೆಟಪ್, ಡೇಟಾಬೇಸ್ ಟೇಬಲ್‌ಗಳಿಗೆ 2 ಗಂಟೆ. ಲಾಗಿನ್‌ಗೆ ಎರಡೂವರೆ. ಆರ್ಡರ್ ಎಪಿಐಗಳಿಗೆ 4. ಪೇಮೆಂಟ್‌ಗೆ 3. ಅಡ್ಮಿನ್ ಸ್ಕ್ರೀನ್‌ಗೆ 5, ಯಾಕಂದ್ರೆ ಬ್ಯಾಕೆಂಡ್ ಮಾಡೋರಿಗೆ ರಿಯಾಕ್ಟ್ ಕೈಗೆ ಅಷ್ಟು ಪಳಗಿರಲ್ಲ. ಟೆಸ್ಟ್‌ಗಳಿಗೆ 4. ಡಾಕರ್, ಡಿಪ್ಲಾಯ್‌ಗೆ 3. ವಿಡಿಯೊ, ರೀಡ್‌ಮಿ ಸೇರಿ ಒಂದೂವರೆ. ಕೂಡಿಸಿ: 25 ಗಂಟೆ. ಅವರು ಹೇಳಿದ್ದು 6.

ಇದು ಬೇಕಂತಲೇ ಹೇಳಿದ ಸುಳ್ಳು ಅಂತ ನನಗನಿಸಲ್ಲ. ಆ ಪ್ರಶ್ನೆ ಬರೆದವರು ಅದನ್ನ ಗಡಿಯಾರ ಇಟ್ಕೊಂಡು ಮಾಡಿ ನೋಡಿರಲ್ಲ. ಅವರ ತಲೆಯಲ್ಲಿ ಇರೋದು ಕಂಪನಿಯ ಹಳೆ ಕೋಡ್. ಲಾಗಿನ್ ಅಲ್ಲಿ ಆಗಲೇ ಇದೆ, ಡಿಪ್ಲಾಯ್ ಸ್ಕ್ರಿಪ್ಟ್ ಇದೆ. ನೀವು ಶುರು ಮಾಡೋದು ಖಾಲಿ ಫೋಲ್ಡರ್‌ನಿಂದ. ವ್ಯತ್ಯಾಸ ಎಲ್ಲಾ ಅಲ್ಲೇ ಇರೋದು.

ಈಗ ಹೆಚ್ಚಿನವರು ಏನು ಬರೀತಾರೆ? "ಈ ವೀಕೆಂಡ್ ಸ್ವಲ್ಪ ಕೆಲಸ ಇದೆ, ಬುಧವಾರದವರೆಗೆ ಟೈಮ್ ಕೊಡಿ." ನನ್ನ ಪ್ರಕಾರ ಕಳಿಸಬಾರದ ಉತ್ತರ ಇದು. ಕೆಲಸದ ಗಾತ್ರದ ಬಗ್ಗೆ ನೀವು ಚಕಾರ ಎತ್ತಲಿಲ್ಲ. ಅಂದ್ರೆ 25 ಗಂಟೆಗೆ ಒಪ್ಪಿಕೊಂಡ ಹಾಗಾಯ್ತು, ತಾರೀಖು ಮಾತ್ರ ಮುಂದೆ ಹೋಯ್ತು. ಬುಧವಾರ "ಇದು ಜಾಸ್ತಿ ಆಯ್ತು" ಅಂತ ಬರೆದರೆ, ಮಾಡೋಕಾಗದೆ ಸಬೂಬು ಹೇಳ್ತಿದಾರೆ ಅಂತ ಓದಿಕೊಳ್ತಾರೆ. ಗಾತ್ರದ ಮಾತು ಮೊದಲ ಉತ್ತರದಲ್ಲೇ ಬರಬೇಕು.

ಇನ್ನು ಕೆಲವರು ಸಿಟ್ಟಲ್ಲಿ ಎರಡು ಪುಟ ಬರೀತಾರೆ, ಬಿಟ್ಟಿ ಚಾಕರಿ, ಶೋಷಣೆ ಅಂತೆಲ್ಲ. ಸಿಟ್ಟು ನ್ಯಾಯವೇ. ಆದರೆ ಅದನ್ನ ಓದೋರು ಯಾರು ಅಂತ ಯೋಚನೆ ಮಾಡಿ. ಅಸೈನ್‌ಮೆಂಟ್ ಬರೆದಿದ್ದು ರಿಕ್ರೂಟರ್ ಅಲ್ಲ. ಅದನ್ನ ಚಿಕ್ಕದು ಮಾಡೋ ಅಧಿಕಾರವೂ ಅವರಿಗಿಲ್ಲ. ಕನ್ಸಲ್ಟೆನ್ಸಿಗೆ ದುಡ್ಡು ಬರೋದು ನೀವು ಕೆಲಸಕ್ಕೆ ಸೇರಿದ ಮೇಲೆ. ಬಹಳ ಕಡೆ ಅದು ವರ್ಷದ ಸಿಟಿಸಿಯ ಶೇಕಡಾ 8.33, ಅಂದ್ರೆ ಒಂದು ತಿಂಗಳ ಸಂಬಳದಷ್ಟು. ಹಾಗಾಗಿ ನೀವು ಕೈತಪ್ಪಿದರೆ ಅವರಿಗೂ ನಷ್ಟವೇ. ನಿಮ್ಮ ಪರವಾಗಿ ಮಾತಾಡೋ ಆಸೆ ಅವರಿಗಿದೆ, ಏನು ಮಾತಾಡಬೇಕು ಅನ್ನೋದು ಗೊತ್ತಿಲ್ಲ. ಅವರು ಒಂದಕ್ಷರ ತಿದ್ದದೆ ಹೈರಿಂಗ್ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡೋಕಾಗೋ ಹಾಗೆ ನಿಮ್ಮ ಮೇಲ್ ಇರಬೇಕು. ಬರೀಬೇಕಾದ್ದೇನು, ಬಿಡಬೇಕಾದ್ದೇನು ಅನ್ನೋದೆಲ್ಲ ಇದರಿಂದಲೇ ತೀರ್ಮಾನ ಆಗುತ್ತೆ.

ಹಾಗಾದ್ರೆ ಅದರಲ್ಲಿ ಏನಿರಬೇಕು? ಲೆಕ್ಕ ಇರಬೇಕು, ಬದಲಿಗೆ ನೀವು ಮಾಡಿಕೊಡೋದು ಏನು ಅಂತ ಇರಬೇಕು, ಒಂದು ತಾರೀಖು ಇರಬೇಕು. ಕಷ್ಟ ಇರೋದು ಮಧ್ಯದ್ದರಲ್ಲಿ. "ಸ್ವಲ್ಪ ಕಡಿಮೆ ಮಾಡಿ" ಅಂತ ಬರೆದರೆ ಆ ಕಡೆ ಯಾರೋ ಕೂತು ಯೋಚನೆ ಮಾಡಬೇಕಾಗುತ್ತೆ, ಯಾರೂ ಮಾಡಲ್ಲ. ನೀವೇ ಕತ್ತರಿಸಿ ಕೊಡಿ. ಅದೂ ಸುಲಭದ ತುಂಡನ್ನಲ್ಲ, ಗಟ್ಟಿ ತುಂಡನ್ನ.

ನಮ್ಮ ಅಸೈನ್‌ಮೆಂಟ್‌ನಲ್ಲಿ ಗಟ್ಟಿ ತುಂಡು ಯಾವುದು? ಲಾಗಿನ್ ಅಲ್ಲ, ಅಡ್ಮಿನ್ ಸ್ಕ್ರೀನೂ ಅಲ್ಲ. ಪೇಮೆಂಟ್ ಆದ ಮೇಲೆ ಗೇಟ್‌ವೇ ನಿಮ್ಮ ಸರ್ವರ್‌ಗೆ ವೆಬ್‌ಹುಕ್ ಕಳಿಸುತ್ತಲ್ಲ, ಅದು. ಒಂದೇ ಪೇಮೆಂಟ್‌ಗೆ ಅದು ಎರಡು ಸಲ ಬರಬಹುದು. ನಿಮ್ಮ ಸರ್ವರ್ ಉತ್ತರ ಕೊಡೋದು ತಡ ಆದರೆ ಗೇಟ್‌ವೇ ಮತ್ತೆ ಕಳಿಸುತ್ತೆ. ಎರಡು ಸಲ ಬಂದರೂ ಆರ್ಡರ್ ಒಂದೇ ಸಲ ಕನ್ಫರ್ಮ್ ಆಗಬೇಕು, ಸ್ಟಾಕ್ ಒಂದೇ ಸಲ ಕಳೀಬೇಕು. 4 ವರ್ಷ ಕೆಲಸ ಮಾಡಿದವರಿಗೂ ನಿನ್ನೆ ಕಲಿತವರಿಗೂ ಇರೋ ವ್ಯತ್ಯಾಸ ಈ ಒಂದು ಜಾಗದಲ್ಲಿ ಕಾಣುತ್ತೆ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು ಅಂತಾರಲ್ಲ, ಆ ಅಗುಳನ್ನ ನೀವೇ ಆರಿಸಿ ಕೊಡ್ತಿದೀರಿ.

ಮೇಲ್ ಹೀಗಿರಲಿ. ಕಳಿಸೋದು ಇಂಗ್ಲಿಷ್‌ನಲ್ಲೇ ಆಗಿರುತ್ತೆ, ಸಾರ ಇದು:

"ಅಸೈನ್‌ಮೆಂಟ್ ಪೂರ್ತಿ ಓದಿದೆ, ಈ ಹುದ್ದೆಯಲ್ಲಿ ಆಸಕ್ತಿ ಇದೆ. ಕೇಳಿರೋದನ್ನೆಲ್ಲ ಸರಿಯಾಗಿ ಮಾಡೋಕೆ ಸುಮಾರು 25 ಗಂಟೆ ಬೇಕು ಅನ್ನೋದು ನನ್ನ ಅಂದಾಜು, ಲೆಕ್ಕ ಕೆಳಗಿದೆ. ಈಗಿನ ಕೆಲಸದ ಜೊತೆ ನಾನು 4 ಗಂಟೆ ಕೊಡಬಲ್ಲೆ. ಆ ಸಮಯದಲ್ಲಿ ಆರ್ಡರ್ ಕ್ರಿಯೇಟ್ ಮಾಡುವ ಎಪಿಐ, ಪೇಮೆಂಟ್ ವೆಬ್‌ಹುಕ್, ಒಂದೇ ವೆಬ್‌ಹುಕ್ ಎರಡು ಸಲ ಬಂದಾಗ ನಿಭಾಯಿಸುವ ರೀತಿ, ಅದರ ಟೆಸ್ಟ್‌ಗಳು, ಇಷ್ಟನ್ನು ಮಾಡಿ ಬುಧವಾರ ರಾತ್ರಿಯೊಳಗೆ ಕಳಿಸುತ್ತೇನೆ. ಉಳಿದ ಭಾಗದ ಡಿಸೈನ್ ಬಗ್ಗೆ ತಂಡದ ಇಂಜಿನಿಯರ್ ಜೊತೆ 45 ನಿಮಿಷ ಕಾಲ್‌ನಲ್ಲಿ ಮಾತಾಡಬಲ್ಲೆ. ಶುರು ಮಾಡುವ ಮುಂಚೆ ಎರಡು ವಿಷಯ ತಿಳಿಸಿ: ಇದನ್ನು ನೋಡುವವರು ಯಾರು, ಮತ್ತು ಈ ಹುದ್ದೆಗೆ ಬಜೆಟ್ ಎಷ್ಟಿದೆ?"

ಅಷ್ಟೇ. ಗಂಟೆ ಲೆಕ್ಕ ಕೆಳಗೆ ಎಂಟು ಸಾಲಲ್ಲಿ. ಕ್ಷಮೆ ಕೇಳಬೇಡಿ, ಮನೆಯಲ್ಲಿ ಮದುವೆ ಇದೆ ಅಂತ ಕಾರಣ ಕೊಡಬೇಡಿ. ಮದುವೆ ಮುಗೀತಲ್ಲ, ಈಗ ಮಾಡಿ ಅಂತಾರೆ. ಆಮೇಲೆ ಶನಿವಾರ ಬೆಳಿಗ್ಗೆಯೊಳಗೇ ಕಳಿಸಿ. ಸೋಮವಾರ ಸಂಜೆ ಕಳಿಸಿದರೆ ಅದೇ ಮೇಲ್ ಗಡುವು ತಪ್ಪಿಸಿಕೊಂಡವರ ವಿವರಣೆ ಆಗುತ್ತೆ.

ಬಜೆಟ್ ಯಾಕೆ ಈಗಲೇ ಕೇಳೋದು ಅಂದ್ರೆ, ಅದು ರಿಕ್ರೂಟರ್ ಹತ್ತಿರ ಆಗಲೇ ಇರೋ ಮಾಹಿತಿ. ನಿಮ್ಮ ಈಗಿನ ಸಿಟಿಸಿ, ನೋಟಿಸ್ ಪೀರಿಯಡ್ ಅವರು ಮೊದಲ ಫೋನ್‌ನಲ್ಲೇ ಕೇಳಿರ್ತಾರೆ. 4 ಗಂಟೆ ಕೊಡೋರು ನೀವು, ಆ ಕಡೆಯಿಂದ ಒಂದು ಅಂಕಿ ಬರಲಿ. ನಿಮಗೆ 90 ದಿನ ನೋಟಿಸ್ ಇದ್ದು, ಅವರಿಗೆ ತಕ್ಷಣ ಸೇರೋರೇ ಬೇಕು ಅಂತಿದ್ದರೆ, ಅದೂ ಈಗಲೇ ಗೊತ್ತಾಗಬೇಕು, ಅಸೈನ್‌ಮೆಂಟ್ ಆದ ಮೇಲಲ್ಲ.

ದುಡ್ಡು ಕೇಳಬಹುದಲ್ಲ ಅಂತ ಕೆಲವರು ಅಂತಾರೆ. ಕೇಳಬಹುದು, ತಪ್ಪೇನಿಲ್ಲ. ಆದರೆ ದೊಡ್ಡ ಕಂಪನಿಯಲ್ಲಿ ಹೊರಗಿನವರಿಗೆ 10 ಸಾವಿರ ಕೊಡೋದಕ್ಕೂ ವೆಂಡರ್ ಆಗಿ ನೋಂದಾಯಿಸಬೇಕು, ಬಿಲ್ ಬೇಕು, ಪ್ಯಾನ್ ಬೇಕು, ಫೈನಾನ್ಸ್‌ನವರು ಒಪ್ಪಬೇಕು. ಆ ಗೋಜಿಗೆ ಯಾರೂ ಹೋಗಲ್ಲ, ಮಾತು ಅಲ್ಲೇ ನಿಲ್ಲುತ್ತೆ. ನಾನು ದುಡ್ಡಿನ ಮಾತನ್ನ ಒಂದೇ ಸಂದರ್ಭಕ್ಕೆ ಇಟ್ಕೊಳ್ತೀನಿ: ಕೇಳ್ತಿರೋದು ಪರೀಕ್ಷೆಯಲ್ಲ, ಅವರದೇ ಕೆಲಸ ಅನ್ನೋದು ಗೊತ್ತಾದಾಗ.

ಅದನ್ನ ಹೇಗೆ ಗುರುತಿಸೋದು? ಪರೀಕ್ಷೆ ಅಂದ್ರೆ ಎಲ್ಲರಿಗೂ ಒಂದೇ ಪ್ರಶ್ನೆ ಇರಬೇಕು, ಇಲ್ಲದಿದ್ದರೆ ಹೋಲಿಸಿ ನೋಡೋಕೇ ಆಗಲ್ಲ. ಮತ್ತೆ ಪರೀಕ್ಷಕರಿಗೆ ಉತ್ತರ ಮೊದಲೇ ಗೊತ್ತಿರಬೇಕು. ಅವರ ನಿಜವಾದ ಆ್ಯಪ್‌ನ ಹೆಸರು, ಅವರ ಎಪಿಐ ಕೀ, ಅವರ ಗ್ರಾಹಕರ ಡೇಟಾ ಕೊಟ್ಟು "ಇದಕ್ಕೊಂದು ರಿಪೋರ್ಟ್ ಸ್ಕ್ರೀನ್ ಮಾಡಿ, ನಮ್ಮ ರೆಪೊದಲ್ಲೇ ಪುಲ್ ರಿಕ್ವೆಸ್ಟ್ ಹಾಕಿ" ಅಂದ್ರೆ ಅದು ಅವರ ಬಾಕಿ ಕೆಲಸದ ಪಟ್ಟಿಯಿಂದ ಎದ್ದು ಬಂದಿದ್ದು. ಆಗ ಒಂದು ವಿಷಯ ನೆನಪಿಟ್ಕೊಳ್ಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬರೆದ ಕೋಡ್‌ನ ಮೊದಲ ಒಡೆಯರು ಅದನ್ನ ಬರೆದವರು. ಉದ್ಯೋಗಿ ಕೆಲಸದ ಭಾಗವಾಗಿ ಬರೆದರೆ ಮಾತ್ರ, ಬೇರೆ ಕರಾರಿಲ್ಲದಿದ್ದರೆ, ಅದು ಕಂಪನಿಗೆ ಸೇರುತ್ತೆ. ನೀವಿನ್ನೂ ಉದ್ಯೋಗಿ ಅಲ್ಲ. ಹಕ್ಕು ಅವರಿಗೆ ಹೋಗಬೇಕಂದ್ರೆ 19ನೇ ಸೆಕ್ಷನ್ ಪ್ರಕಾರ ನೀವು ಸಹಿ ಮಾಡಿದ ಬರಹ ಇರಬೇಕು. ಹಾಗಾಗಿ ಅಸೈನ್‌ಮೆಂಟ್ ಜೊತೆ ಸಹಿಗೆ ಅಂತ ಒಂದು ಫಾರ್ಮ್ ಬಂದಿದ್ದರೆ ಅದನ್ನ ಮೊದಲು ಓದಿ. ಆದರೆ ಕಾಯ್ದೆ ಕಾಪಾಡೋದು ಬರೆದ ಕೋಡನ್ನ, ಐಡಿಯಾನ ಅಲ್ಲ. ನಿಮ್ಮ ಡಿಸೈನ್ ನೋಡಿ ಅವರೇ ಬೇರೆ ಕೋಡ್ ಬರೆದುಕೊಂಡರೆ ಏನೂ ಮಾಡೋಕಾಗಲ್ಲ.

ಇದರ ಜೊತೆಗೇ ಒಂದು ಎಚ್ಚರಿಕೆ. ಈಗಿನ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಅಸೈನ್‌ಮೆಂಟ್ ಮಾಡಬೇಡಿ, ಆಫೀಸ್‌ನ ಹಳೆ ಕೋಡನ್ನ ಸ್ಯಾಂಪಲ್ ಅಂತ ಕಳಿಸಬೇಡಿ. ಆಗ ತಪ್ಪು ನಿಮ್ಮದಾಗುತ್ತೆ.

ಸರಿ, ಮೇಲ್ ಕಳಿಸಿದಿರಿ. "ಓಕೆ, 4 ಗಂಟೆಯದ್ದೇ ಮಾಡಿ" ಅಂತ ಬರಬಹುದು. "ಎಲ್ಲ ಕ್ಯಾಂಡಿಡೇಟ್‌ಗಳೂ ಪೂರ್ತಿ ಮಾಡಿದಾರೆ, ನೀವೂ ಮಾಡಬೇಕು" ಅಂತಲೂ ಬರಬಹುದು. ಆಗ ಒಂದೇ ಪ್ರಶ್ನೆ ಕೇಳಿ: ಅಸೈನ್‌ಮೆಂಟ್‌ಗೆ ಮುಂಚೆ ಇಂಜಿನಿಯರ್ ಜೊತೆ ಅರ್ಧ ಗಂಟೆ ಕಾಲ್ ಸಾಧ್ಯವೇ? ಅರ್ಧ ಗಂಟೆ ಕೊಡೋಕಾಗದವರು ನಿಮ್ಮ 25 ಗಂಟೆಯ ಕೋಡನ್ನ ಕೂತು ಓದ್ತಾರೆ ಅಂತ ನಾನಂತೂ ನಂಬಲ್ಲ. ಅಲ್ಲಿಗೆ ಬಿಟ್ಟುಬಿಡಿ. ಉತ್ತರವೇ ಬರದಿದ್ದರೆ ಮಂಗಳವಾರ ಒಂದು ಸಾಲು ನೆನಪಿಸಿ, ಆಮೇಲೆ ಸುಮ್ಮನಾಗಿ.

ಫ್ರೆಶರ್‌ಗಳಿಗೆ ಇದೇ ಮಾತು ಪೂರ್ತಿ ಅನ್ವಯ ಆಗಲ್ಲ, ಅದನ್ನ ಮುಚ್ಚಿಡೋದರಲ್ಲಿ ಅರ್ಥ ಇಲ್ಲ. ತೋರಿಸೋಕೆ ಬೇರೆ ಅನುಭವ ಇಲ್ಲದವರು 8 ಗಂಟೆವರೆಗೂ ಹೋಗಬಹುದು. ಆದರೆ ಆ ಕೋಡ್ ನಿಮ್ಮದೇ ಗಿಟ್‌ಹಬ್‌ನಲ್ಲಿ ಇಟ್ಕೊಳ್ಳಬಹುದಾ ಅಂತ ಮೊದಲೇ ಬರಹದಲ್ಲಿ ಕೇಳಿ. ಆಗ ಇಲ್ಲಿ ಆಗದಿದ್ದರೂ ಇನ್ನೊಂದು ಕಡೆ ತೋರಿಸೋಕೆ ಬರುತ್ತೆ.

4 ಗಂಟೆಗೆ ಒಪ್ಪಿದರಲ್ಲ, ಈಗ ಮಾತು ಉಳಿಸಿಕೊಳ್ಳಬೇಕಾದವರು ನೀವು. ಬಹಳ ಜನ ಇಲ್ಲೇ ಜಾರೋದು: ಇನ್ನೊಂದಿಷ್ಟು ಚೆನ್ನಾಗಿ ಮಾಡೋಣ ಅಂತ 11 ಗಂಟೆ ಕೂರ್ತಾರೆ, ಹೇಳೋದು ಮಾತ್ರ 4. ನೋಡೋರಿಗೆ ಅದು 4 ಗಂಟೆಯ ಕೆಲಸ ಅಂತಲೇ ಕಾಣೋದರಿಂದ, ಮುಂದೆ ಬರೋ ಕ್ಯಾಂಡಿಡೇಟ್‌ಗೂ ಅದೇ ಅಳತೆ. ಆರ್ಡರ್ ಎಪಿಐಗೆ ಒಂದೂವರೆ, ವೆಬ್‌ಹುಕ್‌ಗೆ ಒಂದೂವರೆ, ಟೆಸ್ಟ್‌ಗೆ ಮುಕ್ಕಾಲು, ರೀಡ್‌ಮಿಗೆ ಕಾಲು ಗಂಟೆ. ಶುರುವಲ್ಲೇ ಒಂದು ಖಾಲಿ ಕಮಿಟ್ ಹಾಕಿ, ಒಂದೊಂದು ಭಾಗ ಮುಗಿದ ಹಾಗೆ ಕಮಿಟ್ ಮಾಡ್ತಾ ಹೋಗಿ.

```
git commit --allow-empty -m "start"
git log --format="%ad %s"
```

ಕೊನೆಯ ಸಾಲು ಓಡಿಸಿದರೆ ಯಾವ ಕಮಿಟ್ ಎಷ್ಟು ಹೊತ್ತಿಗೆ ಆಯ್ತು ಅನ್ನೋದು ಸಾಲಾಗಿ ಬರುತ್ತೆ. ಎಲ್ಲಾ ಮುಗಿಸಿ ಒಂದೇ ಕಮಿಟ್ ಹಾಕಿದರೆ ಈ ದಾಖಲೆ ಇರಲ್ಲ. ರೀಡ್‌ಮಿಯಲ್ಲಿ ಮೂರು ಸಾಲು ಸಾಕು: ತಗೊಂಡ ಸಮಯ, ಮಾಡದೆ ಬಿಟ್ಟಿದ್ದು, ಇನ್ನೊಂದು ದಿನ ಸಿಕ್ಕರೆ ಮೊದಲು ಮುಟ್ಟೋದು ಯಾವುದು. ಕಾಲ್‌ನಲ್ಲಿ ಇಂಜಿನಿಯರ್ ಮಾತು ಶುರು ಮಾಡೋದು ಹೆಚ್ಚಾಗಿ ಆ ಮೂರನೇ ಸಾಲಿನಿಂದಲೇ.